ಕೋರಂ ಇದೆ ಎಂದು ಘೋಷಿಸುತ್ತಾ...

ನಮ್ಮ ಕಡೆಯ ಸಮಾರಂಭಗಳಲ್ಲಿ ಅಧ್ಯಕ್ಷರಷ್ಟು ಪಾಪದ ಪ್ರಾಣಿ ಇನ್ನೊಂದಿಲ್ಲ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಸನ್ಮಾನ, ಸನ್ಮಾನಿತರ ಪ್ರತಿಕ್ರಿಯೆ ಎಲ್ಲ ಮುಗಿದ ಮೇಲೆ ಅವರ ಸರದಿ. ಅಷ್ಟು ಹೊತ್ತಿಗೆ ಮುಂದಿನ ಸಾಲಿನವರು ಗಡಿಯಾರ ನೋಡಿಕೊಳ್ಳುತ್ತಿರುತ್ತಾರೆ, ಹಿಂದಿನ ಸಾಲು ಖಾಲಿಯಾಗಿರುತ್ತದೆ, ಮೈಕಿನ ಹುಡುಗ ಹೊರಗಿನ ವೈರು ಸುತ್ತಲು ಶುರುಮಾಡಿರುತ್ತಾನೆ. "ಎಲ್ಲರೂ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ, ನನಗೇನೂ ಉಳಿಸಿಲ್ಲ" ಎಂದು ಆರಂಭಿಸಿ ಮುಕ್ಕಾಲು ಗಂಟೆ ಮಾತಾಡುವ ಅಧ್ಯಕ್ಷರನ್ನು ನೀವೂ ಕಂಡಿರುತ್ತೀರಿ. ಅವರ ಮೇಲೆ ನನಗೆ ಕೋಪವಿಲ್ಲ. ಬೆಳಗ್ಗೆಯಿಂದ ಬಾಯಿ ಮುಚ್ಚಿ ಕೂರಿಸಿದ್ದರೆ ಯಾರಾದರೂ ಹಾಗೇ ಮಾಡುತ್ತಾರೆ.

ಇದಕ್ಕೆ ಪೂರಾ ತಿರುವುಮುರುವಾದ ಸಭೆಯೊಂದಿದೆ. ಅದು ವಾರ್ಷಿಕ ಮಹಾಸಭೆ. ಅಲ್ಲಿ ಅಧ್ಯಕ್ಷರೇ ಮೊದಲು ಬಾಯಿ ತೆರೆಯಬೇಕು. ಅವರು ತೆರೆಯುವ ತನಕ ಅಲ್ಲಿರುವುದು ಬರೀ ಜನ, ಕುರ್ಚಿ ಮತ್ತು ಉಪ್ಪಿಟ್ಟಿನ ವಾಸನೆ. ಅವರು ಸರಿಯಾಗಿ ನಾಲ್ಕು ವಾಕ್ಯ ಹೇಳಿದರೆ ಅದೇ ಜನ ಸಂಘವಾಗುತ್ತಾರೆ: ಲಾಭ ಹಂಚಬಹುದು, ಲೆಕ್ಕ ಒಪ್ಪಬಹುದು, ಒಪ್ಪದೆಯೂ ಇರಬಹುದು. ವಿಚಿತ್ರವೆಂದರೆ ಆ ನಾಲ್ಕು ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಹೇಳುವ ಅಧ್ಯಕ್ಷರೇ ಹೆಚ್ಚು.

ಇದು ನನಗೆ ಹೇಗೆ ಗೊತ್ತೆಂದರೆ, ನಮ್ಮೂರಿನ ಪತ್ತಿನ ಸಹಕಾರ ಸಂಘದ ಅಧ್ಯಕ್ಷರ ಭಾಷಣ ಬರೆಯುವ ಕೆಲಸ ಬಹಳ ಕಾಲದಿಂದ ನನ್ನ ಕೊರಳಿಗೆ ಬಿದ್ದಿದೆ. ಕನ್ನಡ ಮೇಷ್ಟ್ರಾದವನಿಗೆ ಊರಿನವರು ಮದುವೆ ಕರೆಯೋಲೆ, ಶ್ರದ್ಧಾಂಜಲಿ, ಅಧ್ಯಕ್ಷ ಭಾಷಣ ಮೂರನ್ನೂ ಹೊರಿಸುತ್ತಾರೆ. ಮೂರರಲ್ಲೂ ವಿಶೇಷಣಗಳು ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರು ಬದಲಾಗುತ್ತಾರೆ, ಬರೆಯುವವನು ಬದಲಾಗುವುದಿಲ್ಲ. ಈಗಿನ ಅಧ್ಯಕ್ಷರಿಗೆ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ. ಸೆಪ್ಟೆಂಬರ್ ಬಂತೆಂದರೆ ಅಂಗಡಿಯಿಂದಲೇ ಫೋನು: "ಮೇಷ್ಟ್ರೇ, ಮಹಾಸಭೆ ಗೊತ್ತಾಯ್ತು. ಸ್ವಲ್ಪ ಗಟ್ಟಿಯಾಗಿ ಬರೀರಿ. ಹೋದ ಸಲದ್ದು ಜನಕ್ಕೆ ಮುಟ್ಟಲಿಲ್ಲ."

ಸೆಪ್ಟೆಂಬರಿನಲ್ಲೇ ಯಾಕೆಂದರೆ ಕಾನೂನು ಹಾಗಿದೆ. ಕರ್ನಾಟಕದ ಸಹಕಾರ ಸಂಘಗಳು 1959ರ ಕಾಯ್ದೆಯಂತೆ ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ಮುಗಿಸಬೇಕು. ಮಾರ್ಚಿಗೆ ಲೆಕ್ಕ ಮುಗಿಸುವ ಕಂಪನಿಗಳಿಗೂ ಆರು ತಿಂಗಳ ಗಡುವು, ಅಂದರೆ ಸೆಪ್ಟೆಂಬರ್ ಕೊನೆ. ಗಣಪತಿಯೂ ಹೆಚ್ಚುಕಡಿಮೆ ಆಗಲೇ ಬರುತ್ತಾನೆ. ಹಾಗಾಗಿ ನಮ್ಮೂರಲ್ಲಿ ಶಾಮಿಯಾನ, ಅಡುಗೆಯವರು, ಮೈಕಿನ ಹುಡುಗ ಎಲ್ಲರೂ ಆ ತಿಂಗಳು ಗಣಪತಿಗೂ ಮಹಾಸಭೆಗೂ ನಡುವೆ ಓಡಾಡುತ್ತಿರುತ್ತಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಶಾಮಿಯಾನದವರಿಗೆ ಇಂಥ ಸುಗ್ಗಿ ಕಾದಿದೆಯೆಂದು ಯಾರೂ ಎಣಿಸಿರಲಾರರು.

ಮೊದಲು ಸ್ವಾಗತದ ವಿಷಯ. ಸ್ವಾಗತವೆಂದರೆ ನಾವು ಸಾಮಾನ್ಯವಾಗಿ ಹೆಸರುಗಳ ಪಟ್ಟಿ ಎಂದುಕೊಂಡಿದ್ದೇವೆ. ವೇದಿಕೆಯ ಮೇಲೆ ಆಸೀನರಾದ ಉಪಾಧ್ಯಕ್ಷರಿಗೆ, ನಿರ್ದೇಶಕರಿಗೆ, ಮಾಜಿ ಅಧ್ಯಕ್ಷರಿಗೆ, ಬಾರದಿದ್ದರೂ ಬರುವೆನೆಂದು ಹೇಳಿದ ಗಣ್ಯರಿಗೆ. ಒಂದು ಹೆಸರು ಬಿಟ್ಟರೆ ಅದರ ಫಲ ಮುಂದಿನ ಚುನಾವಣೆಯವರೆಗೂ ಇರುತ್ತದೆ. ಹೀಗಾಗಿ ನಮ್ಮ ಹಿಂದಿನ ಅಧ್ಯಕ್ಷರೊಬ್ಬರು ಎಲ್ಲ ನಿರ್ದೇಶಕರ ಹೆಸರನ್ನೂ ಹೇಳಿ, ಕೊನೆಗೆ "ಯಾರದಾದರೂ ಹೆಸರು ಬಿಟ್ಟುಹೋಗಿದ್ದರೆ ಅವರಿಗೂ" ಎಂದು ಒಂದು ಇಡಿಗಂಟಿನ ಸ್ವಾಗತ ಕೋರುತ್ತಿದ್ದರು. ಬಿಟ್ಟುಹೋಗದವರೂ ಅದರಿಂದ ಅನುಮಾನಗೊಂಡರು.

ಆದರೆ ಮಹಾಸಭೆಯ ಸ್ವಾಗತಕ್ಕೆ ಬೇರೊಂದು ಕೆಲಸವಿದೆ. ಒಳಗೆ ಕೂತವರಲ್ಲಿ ಯಾರು ಏನು ಎಂದು ವಿಂಗಡಿಸುವ ಕೆಲಸ. ಸಭಾಂಗಣದಲ್ಲಿ ಸದಸ್ಯರಿರುತ್ತಾರೆ. ಸಾಲಕ್ಕಾಗಿ ಹೆಸರಿಗಷ್ಟೇ ಸೇರಿದ ನಾಮಮಾತ್ರ ಸದಸ್ಯರಿರುತ್ತಾರೆ, ಅವರಿಗೆ ಮತವಿಲ್ಲ. ಸದಸ್ಯರೇ ಆಗಿದ್ದೂ ಸಾಲ ಸುಸ್ತಿಯಾಗಿ ಮತ ಕಳೆದುಕೊಂಡವರಿರುತ್ತಾರೆ. ಸತತವಾಗಿ ಮಹಾಸಭೆ ತಪ್ಪಿಸಿ ಹಕ್ಕು ಕಳೆದುಕೊಂಡು ಈ ಸಲ ಗಾಬರಿಯಿಂದ ಬಂದವರೂ ಇರುತ್ತಾರೆ. ಇನ್ನು ಲೆಕ್ಕಪರಿಶೋಧಕರು, ಇಲಾಖೆಯ ಅಧಿಕಾರಿ, ಸಿಬ್ಬಂದಿ, ಅಜ್ಜಿಯನ್ನು ಕರೆತಂದ ಮೊಮ್ಮಗ, ಮೊಮ್ಮಗನ ಸ್ನೇಹಿತ. ಇವರೆಲ್ಲರಿಗೂ ಸ್ವಾಗತವಿದೆ, ಊಟವೂ ಇದೆ. ಕೈ ಎತ್ತುವ ಅಧಿಕಾರ ಮಾತ್ರ ಎಲ್ಲರಿಗಿಲ್ಲ. ಇದನ್ನು ಅಧ್ಯಕ್ಷರು ಮೊದಲೇ, ನಗುನಗುತ್ತಾ, ಒಂದೇ ವಾಕ್ಯದಲ್ಲಿ ಹೇಳಿಬಿಟ್ಟರೆ ಮುಂದೆ ಜಗಳವಿಲ್ಲ: "ಮತದಾನದ ಹಕ್ಕುಳ್ಳ ಸದಸ್ಯರು ಬಲಭಾಗದಲ್ಲಿ ಕೂರಬೇಕಾಗಿ ವಿನಂತಿ, ಉಳಿದ ಅತಿಥಿಗಳಿಗೆ ಎಡಭಾಗದಲ್ಲಿ ಆಸನವಿದೆ." ಮೊದಲು ಹೇಳದೆ, ಕೈ ಎಣಿಸುವ ಹೊತ್ತಿಗೆ "ನೀವು ಕೈ ಇಳಿಸಿ, ನಿಮ್ಮದು ಸುಸ್ತಿ" ಎಂದರೆ ಆ ಮನುಷ್ಯ ಸಾಲವನ್ನಂತೂ ಕಟ್ಟುವುದಿಲ್ಲ.

ಸಹಕಾರ ಸಂಘದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಮಹತ್ವ. ಅಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ, ಷೇರು ಎಷ್ಟೇ ಇರಲಿ. ಅದನ್ನೂ ಖುದ್ದಾಗಿ ಹಾಕಬೇಕು. ಕಂಪನಿಗಳಲ್ಲಿರುವಂತೆ ಬದಲಿ ವ್ಯಕ್ತಿಯನ್ನು, ಪ್ರಾಕ್ಸಿಯನ್ನು, ಕಳಿಸುವಂತಿಲ್ಲ. ಇದನ್ನು ನಮ್ಮ ಮನೆಮನೆಯ ಪದ್ಧತಿ ಒಪ್ಪುವುದೇ ಇಲ್ಲ. ಸದಸ್ಯೆ ಹೆಂಡತಿ, ಬಂದವನು ಗಂಡ. ಸದಸ್ಯ ಅಪ್ಪ, ಸಹಿ ಮಗನದು. "ನಮ್ಮಪ್ಪನ ಸಹಿ ನಾನೇ ಅಲ್ವಾ ಸಾರ್ ಮೊದಲಿಂದ ಹಾಕೋದು" ಎಂದು ಒಬ್ಬ ಹುಡುಗ ನಮ್ಮ ಕಾರ್ಯದರ್ಶಿಯ ಮುಂದೆ ನಿಷ್ಕಪಟವಾಗಿ ನಿಂತಿದ್ದ. ಅವನ ಅಪ್ಪನ ಸಾಲದ ಪತ್ರಗಳನ್ನು ಕಾರ್ಯದರ್ಶಿ ಆ ಸಂಜೆಯೇ ತೆಗೆದು ನೋಡಿದರಂತೆ.

ಈಗ ಕೋರಂಗೆ ಬರೋಣ. ಸಭೆ ನಡೆಸಲು ಕನಿಷ್ಠ ಎಷ್ಟು ಜನ ಇರಬೇಕು ಎನ್ನುವ ಸಂಖ್ಯೆಯೇ ಕೋರಂ. ಪ್ರತಿಯೊಂದು ಸಂಸ್ಥೆಗೂ ಅದರದರ ಲೆಕ್ಕವಿದೆ. ಸಂಸತ್ತಿಗೆ ಸಂವಿಧಾನವೇ ಹತ್ತರಲ್ಲೊಂದು ಎಂದು ಹೇಳಿದೆ. ವಿಧಾನಸಭೆಗೆ ಹತ್ತು ಸದಸ್ಯರು ಅಥವಾ ಹತ್ತರಲ್ಲೊಂದು, ಯಾವುದು ಹೆಚ್ಚೋ ಅದು. ಅಷ್ಟು ಮಂದಿ ಇಲ್ಲದಾಗ ಕೋರಂ ಬೆಲ್ ಬಾರಿಸುತ್ತಾರೆ. ಷೇರುಪೇಟೆಯ ದೊಡ್ಡ ಕಂಪನಿಗಳ ಲೆಕ್ಕ ಕೇಳಿದರೆ ನಿಮಗೆ ನಗು ಬರುತ್ತದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಂಪನಿಯಲ್ಲಿ 1,000 ಸದಸ್ಯರವರೆಗೆ ಇದ್ದರೆ 5 ಮಂದಿ, 5,000ದವರೆಗೆ 15, ಅದಕ್ಕಿಂತ ಎಷ್ಟೇ ಲಕ್ಷ ಇದ್ದರೂ 30 ಮಂದಿ ಸಾಕು. ನಮ್ಮೂರಿನ ಪತ್ತಿನ ಸಂಘ ಅದಕ್ಕಿಂತ ಕಷ್ಟದ್ದು. ನಮ್ಮ ಬೈಲಾದಲ್ಲಿ ಮತದಾನದ ಹಕ್ಕುಳ್ಳವರಲ್ಲಿ ಹತ್ತರಲ್ಲೊಂದು ಭಾಗ ಎಂದಿದೆ. ಬೇರೆ ಸಂಘದ ಬೈಲಾ ಬೇರೆ ಇರುತ್ತದೆ. ಭಾಷಣ ಬರೆಯುವವನು ಮೊದಲು ತೆರೆಯಬೇಕಾದ ಪುಸ್ತಕ ಬೈಲಾ, ಸುಭಾಷಿತ ಸಂಗ್ರಹವಲ್ಲ.

ಒಂದು ವರ್ಷ ನಡೆದದ್ದನ್ನು ಹೇಳುತ್ತೇನೆ. ನೋಟಿಸಿನಲ್ಲಿದ್ದ ಹೊತ್ತು ಬೆಳಗ್ಗೆ ಹತ್ತೂವರೆ. ಸಂಘದಲ್ಲಿ ಒಟ್ಟು ಸದಸ್ಯರು 1,240. ಆ ವರ್ಷ ಮತದ ಹಕ್ಕು ಉಳಿಸಿಕೊಂಡವರು 860. ಅಂದಮೇಲೆ ಕೋರಂ 86. ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಉದ್ದನೆಯ ಹಾಜರಿ ಪುಸ್ತಕ, ಪುಸ್ತಕಕ್ಕೆ ಟ್ವೈನ್ ದಾರದಲ್ಲಿ ಕಟ್ಟಿದ ಪೆನ್ನು. ಕಟ್ಟದಿದ್ದರೆ ಮೊದಲ ಹತ್ತು ಸಹಿಯೊಳಗೆ ಪೆನ್ನು ಯಾರದೋ ಜೇಬು ಸೇರುತ್ತದೆ. ಪುಸ್ತಕದಲ್ಲಿ ಕ್ರಮಸಂಖ್ಯೆ, ಸದಸ್ಯತ್ವದ ಸಂಖ್ಯೆ, ಹೆಸರು, ಸಹಿ ಎಂದು ನಾಲ್ಕು ಕಲಂ. ಹತ್ತೂವರೆಗೆ 71 ಸಹಿ ಬಿದ್ದಿದ್ದವು. ಅಧ್ಯಕ್ಷರು ಆಗಲೇ ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಸಭಾಂಗಣ ನೋಡಲು ತುಂಬಿತ್ತು, ಯಾಕೆಂದರೆ ಪಕ್ಕದ ಶಾಲೆಯ ಮಕ್ಕಳು ಪ್ರಾರ್ಥನೆ ಹಾಡಲು ಬಂದಿದ್ದರು.

ನಮ್ಮ ಕಾರ್ಯದರ್ಶಿ ಮಾತ್ರ ಪುಸ್ತಕದ ಮೇಲೆ ಬೆರಳಿಟ್ಟು ಎಣಿಸುತ್ತಿದ್ದರು. ನಾಲ್ಕು ಸಹಿ ನಾಮಮಾತ್ರ ಸದಸ್ಯರವು. ಎರಡು, ಅಪ್ಪಂದಿರ ಬದಲು ಗಂಡುಮಕ್ಕಳು ಹಾಕಿದ್ದು. ಉಳಿದದ್ದು 65. ಅವರು ವೇದಿಕೆ ಹತ್ತಿ ಅಧ್ಯಕ್ಷರ ಕಿವಿಯಲ್ಲಿ ಹೇಳಿದರು: "ಸಾರ್, ಇನ್ನೂ ಇಪ್ಪತ್ತೊಂದು ಬೇಕು. ಈಗ ಶುರು ಮಾಡಬೇಡಿ." ಅಧ್ಯಕ್ಷರು ಮೈಕು ಆರಿಸದೆಯೇ, "ಅಯ್ಯೋ ಬರ್ತಾರೆ ಬಿಡ್ರೀ, ಮಾತು ಶುರುವಾದರೆ ಬರ್ತಾರೆ" ಎಂದರು. ಇಡೀ ಬೀದಿಗೆ ಕೇಳಿತು. ಅವರ ಮಾತು ಶುರುವಾದರೆ ಜನ ಬರುತ್ತಾರೋ ಹೋಗುತ್ತಾರೋ ಎಂಬುದರಲ್ಲಿ ಬೀದಿಗೆ ಬೇರೆ ಅಭಿಪ್ರಾಯವಿತ್ತು.

ಬೈಲಾದಲ್ಲಿ ಅರ್ಧ ಗಂಟೆ ಕಾಯುವ ಅವಕಾಶವಿತ್ತು. ಆ ಅರ್ಧ ಗಂಟೆ ಒಂದು ಊರಿನ ಸಾಮಾಜಿಕ ಇತಿಹಾಸ. ಉಪ್ಪಿಟ್ಟು-ಕೇಸರಿಬಾತಿನ ಕಡೆ ಇದ್ದವರನ್ನು "ಮೊದಲು ಸಹಿ, ಆಮೇಲೆ ಸಕ್ಕರೆ" ಎಂದು ಕರೆತಂದರು. ಬಸ್ಸಿನಲ್ಲಿ ಬಂದಿಳಿದ ಹಳ್ಳಿಯ ಸದಸ್ಯರು ಒಂದು ಗುಂಪಾಗಿ ಬಂದು, ಒಂದೊಂದು ಸಹಿಗೆ ಒಂದೊಂದು ನಿಮಿಷ ತೆಗೆದುಕೊಂಡರು. ಹತ್ತೂ ಐವತ್ತೈದಕ್ಕೆ 84. ಇನ್ನೆರಡು! ಒಬ್ಬ ನಿರ್ದೇಶಕರು ಆಟೋ ಹತ್ತಿ ಹೋಗಿ ಔಷಧಿ ಅಂಗಡಿಯವರನ್ನೂ ಹಿಟ್ಟಿನ ಗಿರಣಿಯವರನ್ನೂ ಕೂರಿಸಿಕೊಂಡು ಬಂದರು. ದಾರಿಯಲ್ಲಿ ಸಿಕ್ಕ ಕ್ಷೌರದಂಗಡಿಯವರು ತಾವಾಗಿಯೇ ಹತ್ತಿಕೊಂಡರು. ಅವರ ಗಿರಾಕಿ ಅರ್ಧ ಗಡ್ಡದಲ್ಲಿ ಉಳಿದ. ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಪುಸ್ತಕದಲ್ಲಿ ಸರಿಯಾದ ಸಹಿಗಳು 87. ಗಿರಣಿಯವರ ತೋಳಿನ ಹಿಟ್ಟು ಆ ಪುಟದ ಮೇಲೆ ಈಗಲೂ ಇದೆ.

ಒಂದು ವೇಳೆ ಆ ಮೂವರು ಸಿಗದಿದ್ದರೆ? ಆಗ ಅಧ್ಯಕ್ಷರು ಮಾಡಬಹುದಾದದ್ದು ಒಂದೇ: ಕೋರಂ ಇಲ್ಲವೆಂದು ಹೇಳಿ ಸಭೆ ಮುಂದೂಡುವುದು. ಎಷ್ಟು ಹೊತ್ತಿಗೆ, ಎಲ್ಲಿಗೆ ಎಂಬುದನ್ನು ಬೈಲಾ ಹೇಳಿರುತ್ತದೆ. ಅನೇಕ ಸಂಘಗಳ ನೋಟಿಸಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಕೋರಂ ಅಭಾವವಾದಲ್ಲಿ ಸಭೆಯನ್ನು ಮುಂದೂಡಿ, ಅದೇ ದಿನ ಅದೇ ಸ್ಥಳದಲ್ಲಿ ಅರ್ಧ ಗಂಟೆಯ ನಂತರ ನಡೆಸಲಾಗುವುದು, ಆ ಸಭೆಗೆ ಕೋರಂ ಅಗತ್ಯವಿರುವುದಿಲ್ಲ. ಇದನ್ನು ಓದಿದ ಬುದ್ಧಿವಂತರು ಅರ್ಧ ಗಂಟೆ ತಡವಾಗಿಯೇ ಬರುತ್ತಾರೆ. ಕಂಪನಿ ಕಾಯ್ದೆ ಅಷ್ಟು ಉದಾರವಲ್ಲ. ಅರ್ಧ ಗಂಟೆಯೊಳಗೆ ಕೋರಂ ಆಗದಿದ್ದರೆ ಸಭೆ ಮುಂದಿನ ವಾರ ಅದೇ ದಿನ, ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೋಗುತ್ತದೆ. ಆಗಲೂ ಅರ್ಧ ಗಂಟೆಯೊಳಗೆ ಆಗದಿದ್ದರೆ ಬಂದಷ್ಟು ಮಂದಿಯೇ ಕೋರಂ. ಸದಸ್ಯರೇ ಪಟ್ಟುಹಿಡಿದು ಕರೆಸಿದ ಸಭೆಯಾದರೆ ಮುಂದೂಡುವುದೂ ಇಲ್ಲ, ರದ್ದು. ಪಟ್ಟುಹಿಡಿದವರೇ ಬಾರದಿದ್ದರೆ ಕಾನೂನಿಗಾದರೂ ಯಾಕೆ ತಾಳ್ಮೆ?

ಬಂದಷ್ಟು ಮಂದಿ ಎಂದರೆ ಒಬ್ಬನೇ ಬಂದರೂ ಆದೀತೆ ಎಂದು ನಮ್ಮ ಅಧ್ಯಕ್ಷರು ಆಸೆಯಿಂದ ಕೇಳಿದ್ದುಂಟು. ಅವರಿಗೆ ನಾನು ಇಂಗ್ಲೆಂಡಿನ ಒಂದು ಹಳೆಯ ವ್ಯಾಜ್ಯದ ಕಥೆ ಹೇಳಿದೆ. ಕಾರ್ನ್‌ವಾಲ್ ಕಡೆಯ ಗ್ರೇಟ್ ಕ್ಯಾರಡಾನ್ ಗಣಿಯ ಷೇರುದಾರರ ಸಭೆಯನ್ನು 1874ರಲ್ಲಿ ಲಂಡನ್ನಿನಲ್ಲಿ ಕರೆದಿದ್ದರು. ಷೇರುದಾರರಿಂದ ಇನ್ನಷ್ಟು ಹಣ ವಸೂಲು ಮಾಡುವ ವಿಷಯ ಇತ್ತು. ಅಂಥ ಸಭೆಗೆ ಯಾರು ಬರುತ್ತಾರೆ? ಬಂದವರು ಸಿಲ್ವರ್‌ಸೈಡ್ಸ್ ಎಂಬ ಒಬ್ಬರೇ ಷೇರುದಾರರು. ಜೊತೆಗೆ ಕಾರ್ಯದರ್ಶಿ, ಅವರು ಷೇರುದಾರರಲ್ಲ. ಸಿಲ್ವರ್‌ಸೈಡ್ಸ್ ಅವರು ಎದೆಗುಂದಲಿಲ್ಲ. ಅಧ್ಯಕ್ಷ ಪೀಠದಲ್ಲಿ ಕೂತರು. ಲೆಕ್ಕಪತ್ರಗಳನ್ನು ಅಂಗೀಕರಿಸಿದರು. ಷೇರೊಂದಕ್ಕೆ ಇಷ್ಟು ಎಂದು ವಸೂಲಿಯ ಠರಾವು ಮಾಡಿದರು. ಕೊನೆಗೆ ಅಧ್ಯಕ್ಷರಿಗೆ ವಂದನೆ ಸಲ್ಲಿಸುವ ಠರಾವೂ ಪಾಸಾಯಿತು. ವಿರೋಧಿಸಿದವರಿಲ್ಲ. ಡಾಸ್ ಎಂಬ ಷೇರುದಾರ ಮಾತ್ರ ದುಡ್ಡು ಕೊಡುವುದಿಲ್ಲ ಎಂದ. ಪ್ರಕರಣ ಮೇಲಿನ ನ್ಯಾಯಾಲಯಕ್ಕೆ ಹೋಯಿತು. 1876ರಲ್ಲಿ ನ್ಯಾಯಾಲಯ, ಸಭೆ ಎಂದರೆ ಒಬ್ಬರಿಗಿಂತ ಹೆಚ್ಚು ಜನ ಕೂಡುವುದು, ಒಬ್ಬನೇ ಕೂತು ಮಾಡಿದ್ದು ಸಭೆಯಲ್ಲ, ವಸೂಲಿಯ ಠರಾವು ನಿಲ್ಲುವುದಿಲ್ಲ ಎಂದಿತು. ಕಾನೂನು ಓದುವವರಿಗೆ ಇದು ಶಾರ್ಪ್ ಮತ್ತು ಡಾಸ್ ಪ್ರಕರಣ ಎಂದು ಪರಿಚಿತ.

ಕಥೆ ಕೇಳಿದ ನಮ್ಮ ಅಧ್ಯಕ್ಷರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ಎಷ್ಟು ಶಾಂತವಾಗಿ ನಡೆದ ಸಭೆ" ಎಂದರು.

ಕೋರಂ ಬಗ್ಗೆ ಇನ್ನೊಂದು ಮಾತಿದೆ. ಆರಂಭದಲ್ಲಿ ಇದ್ದ ಕೋರಂ ಊಟದ ಹೊತ್ತಿಗೆ ಇರುತ್ತದೆಯೇ? ಸಹಿ ಪುಸ್ತಕದಲ್ಲಿ ಇರುತ್ತದೆ, ಸಹಿ ಹಾಕಿದವರು ಗದ್ದೆಯಲ್ಲಿರುತ್ತಾರೆ. ಕಂಪನಿಗಳ ಸಭೆಗೆ ಕಾರ್ಯದರ್ಶಿಗಳ ಸಂಸ್ಥೆ ರೂಪಿಸಿದ ಮಾನದಂಡವಿದೆ. ಅದರಂತೆ ಕೋರಂ ಸಭೆಯ ಉದ್ದಕ್ಕೂ ಇರಬೇಕು. ಸಂಘಗಳಲ್ಲಿ ಬೈಲಾ ಏನು ಹೇಳುತ್ತದೋ ಅದು. ಆದರೂ ಲಾಭ ವಿಲೇವಾರಿಯಂಥ ದೊಡ್ಡ ವಿಷಯದ ಹೊತ್ತಿಗೆ ಯಾರೋ ಎದ್ದು, "ಅಧ್ಯಕ್ಷರೇ, ಕೋರಂ ಇದೆಯಾ?" ಎಂದು ಕೇಳಿದರೆ ಪುಸ್ತಕ ತೋರಿಸಿ ಪ್ರಯೋಜನವಿಲ್ಲ, ತಲೆ ಎಣಿಸಬೇಕು. ಹೀಗೆ ಕೇಳುವವರು ಪ್ರತಿ ಸಂಘದಲ್ಲೂ ಒಬ್ಬರಿರುತ್ತಾರೆ. ಅವರು ಸಾಮಾನ್ಯವಾಗಿ ನಿವೃತ್ತ ಗುಮಾಸ್ತರು, ಮೂರನೆಯ ಸಾಲಿನ ತುದಿಯಲ್ಲಿ ಕೂರುತ್ತಾರೆ, ವರದಿಯ ಪುಸ್ತಕದಲ್ಲಿ ಕೆಂಪು ಗೆರೆ ಎಳೆದುಕೊಂಡು ಬಂದಿರುತ್ತಾರೆ. ಆಡಳಿತ ಮಂಡಳಿಗೆ ಅವರನ್ನು ಕಂಡರೆ ಆಗುವುದಿಲ್ಲ. ನನಗೆ ಗೌರವ. ಇಡೀ ಸಭೆಯಲ್ಲಿ ಅಧ್ಯಕ್ಷರ ಮೊದಲ ನಾಲ್ಕು ವಾಕ್ಯಗಳನ್ನು ಪೂರ್ತಿ ಕೇಳಿಸಿಕೊಳ್ಳುವವರು ಅವರೊಬ್ಬರೇ.

ಜನರನ್ನು ಹಿಡಿದಿಡಲು ನಮ್ಮ ಕಾರ್ಯದರ್ಶಿ ಕಂಡುಕೊಂಡ ಉಪಾಯ ಉಡುಗೊರೆಯದು. ಸ್ಟೀಲಿನ ಡಬ್ಬಿಯನ್ನು ಬಾಗಿಲಲ್ಲೇ ಕೊಡುತ್ತಿದ್ದ ಕಾಲದಲ್ಲಿ ಸಹಿಗೂ ಬಸ್ ನಿಲ್ದಾಣಕ್ಕೂ ನಡುವೆ ಐದು ನಿಮಿಷದ ಅಂತರವಿತ್ತು. ಈಗ ಬಾಗಿಲಲ್ಲಿ ಕೂಪನ್ ಮಾತ್ರ, ಡಬ್ಬಿ ವಂದನಾರ್ಪಣೆಯ ನಂತರ. ಕಂಪನಿಗಳಿಗೆ ಇದು ನಡೆಯುವುದಿಲ್ಲ. ನಾನು ಹೇಳಿದ ಅದೇ ಮಾನದಂಡ, ಸಭೆಯ ನೆಪದಲ್ಲಿ ಸದಸ್ಯರಿಗೆ ಉಡುಗೊರೆಯನ್ನಾಗಲಿ ಕೂಪನ್ನನ್ನಾಗಲಿ ನಗದನ್ನಾಗಲಿ ಕೊಡಬಾರದು ಎನ್ನುತ್ತದೆ. ಅದನ್ನು ಬರೆದವರು ಮಹಾಸಭೆಗಳನ್ನು ಹತ್ತಿರದಿಂದ ನೋಡಿದವರೇ ಇರಬೇಕು.

ಇನ್ನು ಕಾರ್ಯಸೂಚಿ. ನೋಟಿಸಿನ ಜೊತೆ ಅಚ್ಚಾಗಿ ಮನೆಗೆ ಬಂದು, ಮನೆಯಲ್ಲಿ ಹಾಲಿನ ಲೆಕ್ಕ ಬರೆಯಲು ಬಳಕೆಯಾಗುವ ಕಾಗದ ಅದು. ಅದರ ಸಾಲುಗಳ ಕ್ರಮ ಯಾರೋ ಮನಸ್ಸಿಗೆ ಬಂದಂತೆ ಜೋಡಿಸಿದ್ದಲ್ಲ. ಹಿಂದಿನ ಮಹಾಸಭೆಯ ನಡಾವಳಿ ಓದಿ ದೃಢೀಕರಿಸುವುದು, ಆಡಳಿತ ಮಂಡಳಿಯ ವರದಿ, ಲೆಕ್ಕಪರಿಶೋಧಿತ ಜಮಾ-ಖರ್ಚು, ಆಸ್ತಿ-ಜವಾಬ್ದಾರಿ ತಖ್ತೆ, ಆಮೇಲೆ ಲಾಭ ವಿಲೇವಾರಿ, ಮುಂದಿನ ವರ್ಷದ ಅಂದಾಜು ಆಯವ್ಯಯ, ಲೆಕ್ಕಪರಿಶೋಧಕರ ನೇಮಕ, ಬೈಲಾ ತಿದ್ದುಪಡಿ ಇದ್ದರೆ ಅದು, ಕಡೆಯಲ್ಲಿ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಬೇಯದ ಅನ್ನವನ್ನು ಬಡಿಸಲಾಗದ ಹಾಗೆ, ಒಪ್ಪಿಗೆಯಾಗದ ಲೆಕ್ಕದಿಂದ ಡಿವಿಡೆಂಡ್ ಕೊಡಲಾಗುವುದಿಲ್ಲ. ಲಾಭ ಎಷ್ಟೆಂದು ಮೊದಲು ಸಭೆ ಒಪ್ಪಬೇಕು. ಅದರಲ್ಲಿ ಕನಿಷ್ಠ ನಾಲ್ಕರಲ್ಲೊಂದು ಭಾಗ ಕಾಯ್ದಿಟ್ಟ ನಿಧಿಗೆ ಹೋಗಬೇಕು. ಆಮೇಲೆ ಉಳಿದದ್ದರ ಮಾತು. ಅಧ್ಯಕ್ಷರು ಜನರನ್ನು ಖುಷಿಪಡಿಸಲು ಆರಂಭದ ಭಾಷಣದಲ್ಲೇ "ಈ ಸಲ ಇಷ್ಟು ಪರ್ಸೆಂಟ್ ಡಿವಿಡೆಂಡ್ ಘೋಷಿಸುತ್ತಿದ್ದೇನೆ" ಎಂದುಬಿಟ್ಟರೆ ಚಪ್ಪಾಳೆ ಬೀಳುತ್ತದೆ, ನಿಜ. ಆದರೆ ಘೋಷಿಸುವ ಅಧಿಕಾರ ಅವರದಲ್ಲ, ಚಪ್ಪಾಳೆ ತಟ್ಟಿದವರದು. ಮಂಡಳಿ ಶಿಫಾರಸು ಮಾಡುತ್ತದೆ, ಅಷ್ಟೆ. ನಾನು ಬರೆದುಕೊಡುವ ಭಾಷಣದಲ್ಲಿ ಆ ಅಂಕಿಯೇ ಇರುವುದಿಲ್ಲ. ಅಧ್ಯಕ್ಷರು ಅದನ್ನು ಅಂಗೈಯಲ್ಲಿ ಬರೆದುಕೊಂಡು ಬರುತ್ತಾರೆ.

ನಡಾವಳಿ ದೃಢೀಕರಿಸುವ ಹೊತ್ತಿನಲ್ಲೇ ಮೊದಲ ಗಲಾಟೆ ಹುಟ್ಟುವುದು. ಹೋದ ವರ್ಷ ಸೋತವರು ಈ ವರ್ಷ ಅದನ್ನೇ ಮತ್ತೆ ಎತ್ತುತ್ತಾರೆ. ಅಲ್ಲಿ ಕೇಳಬಹುದಾದದ್ದು ಒಂದೇ ಪ್ರಶ್ನೆ: ಹೋದ ವರ್ಷ ನಡೆದದ್ದನ್ನು ನಡೆದ ಹಾಗೆ ಬರೆದಿದ್ದಾರೆಯೇ? ನಡೆದದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ಅದು ಜಾಗವಲ್ಲ. ಅಧ್ಯಕ್ಷರು ಆರಂಭದಲ್ಲೇ ಇದನ್ನು ತಿಳಿಸಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ತಿಳಿಸದಿದ್ದರೆ ಅದೇ ಅರ್ಧ ಗಂಟೆಯಲ್ಲಿ, ಮೇಲೆ ಹೇಳಿದ ಕೋರಂ, ಬಸ್ಸು ಹತ್ತುತ್ತದೆ.

ಒಮ್ಮೆ ಒಬ್ಬ ಹಿರಿಯ ಸದಸ್ಯರು ಎದ್ದು, "ಒಂಬತ್ತನೇ ವಿಷಯವನ್ನು ಮೊದಲು ತಗೊಳ್ಳಿ, ನನಗೆ ಒಂದು ಗಂಟೆಗೆ ಬಸ್ಸಿದೆ" ಎಂದರು. ಒಂಬತ್ತನೆಯದು ಕಟ್ಟಡಕ್ಕೆ ನಿವೇಶನ ಕೊಳ್ಳುವ ವಿಷಯ. ಅಧ್ಯಕ್ಷರು ದಾಕ್ಷಿಣ್ಯಕ್ಕೆ ಆಗಲಿ ಎಂದುಬಿಡುವವರಿದ್ದರು. ಕಾರ್ಯದರ್ಶಿ ಚೀಟಿ ಕಳಿಸಿದರು. ಕ್ರಮ ಬದಲಿಸುವುದು ತಪ್ಪಲ್ಲ, ಆದರೆ ಅಧ್ಯಕ್ಷರು ತಾವಾಗಿ ಬದಲಿಸದೆ ಸಭೆಯನ್ನು ಕೇಳಬೇಕು, ಒಪ್ಪಿದರೆ ಅದನ್ನು ನಡಾವಳಿಯಲ್ಲಿ ಬರೆಯಬೇಕು. ಕೇಳಿದರು. ಸಭೆ ಒಪ್ಪಲಿಲ್ಲ: ಲೆಕ್ಕ ನೋಡದೆ ನಿವೇಶನಕ್ಕೆ ದುಡ್ಡು ಎಲ್ಲಿದೆ ಎಂದು ತಿಳಿಯುವುದು ಹೇಗೆ ಎಂದು ಮೂರನೇ ಸಾಲಿನ ಗುಮಾಸ್ತರು ಕೇಳಿದರು. ಹಿರಿಯರು ಬಸ್ಸು ಬಿಟ್ಟು ಊಟಕ್ಕೆ ಉಳಿದರು. ಅವರ ಊರಿಗೆ ಎರಡೂವರೆಗೆ ಇನ್ನೊಂದು ಬಸ್ಸಿರುವುದು ಆಮೇಲೆ ಗೊತ್ತಾಯಿತು.

ಇಡೀ ಪಟ್ಟಿಯಲ್ಲಿ ಅತ್ಯಂತ ಸಾಧುವಾಗಿ ಕಾಣುವ, ಅತ್ಯಂತ ಅಪಾಯದ ಸಾಲು ಕೊನೆಯದು. ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಊಟದ ಎಲೆ ಹಾಕುವ ಸದ್ದು ಕೇಳಿಸುವಾಗ, ಅರ್ಧ ಜನ ಎದ್ದಿರುವಾಗ, ಯಾರೋ ಒಬ್ಬರು "ಹಾಗೇ ಇದೊಂದು ಸಣ್ಣ ವಿಷಯ" ಎಂದು ತಂದರೆ ಎಚ್ಚರವಾಗಿರಬೇಕು. ನಿಜವಾಗಿ ಸಣ್ಣದಾಗಿದ್ದರೆ ಅದನ್ನು ಸಣ್ಣದೆಂದು ಹೇಳುವ ಅಗತ್ಯವಿರಲಿಲ್ಲ. ಹಣ, ಆಸ್ತಿ, ನೇಮಕ, ಬೈಲಾ ಇಂಥವು ನೋಟಿಸಿನಲ್ಲಿ ಇರಲೇಬೇಕು. ಯಾಕೆಂದರೆ ಮನೆಯಲ್ಲಿ ಉಳಿದ ಸದಸ್ಯ ಆ ನೋಟಿಸು ಓದಿಯೇ ಉಳಿದಿದ್ದಾನೆ. ಅದರಲ್ಲಿ ಇಲ್ಲದ್ದನ್ನು ಅವನ ಬೆನ್ನ ಹಿಂದೆ ತೀರ್ಮಾನಿಸಿದರೆ ಅವನು ಬಂದು ಕೇಳುತ್ತಾನೆ, ಕೆಲವೊಮ್ಮೆ ವಕೀಲರ ಜೊತೆ. ಆದ್ದರಿಂದ ಕೊನೆಯ ಸಾಲಿನ ಬಾಗಿಲನ್ನು ಮೊದಲ ಭಾಷಣದಲ್ಲೇ ಅರ್ಧ ಮುಚ್ಚಿಡುವುದು ಜಾಣತನ: ಸಲಹೆಗಳನ್ನು ಹೇಳಬಹುದು, ಠರಾವು ಮಾಡುವುದಿಲ್ಲ.

ಇಷ್ಟೆಲ್ಲ ಯೋಚಿಸಿ ನಾನು ಹೋದ ಸಲ ಅಧ್ಯಕ್ಷರಿಗೆ ಬರೆದುಕೊಟ್ಟದ್ದು ಒಂದೇ ಹಾಳೆ. ಅದು ಹೀಗಿತ್ತು:

"ಮಾನ್ಯ ಸದಸ್ಯರೇ, ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ತಮಗೆಲ್ಲ ಆದರದ ಸ್ವಾಗತ. ಅತಿಥಿಗಳಿಗೂ ಇಲಾಖೆಯ ಅಧಿಕಾರಿಗಳಿಗೂ ಸ್ವಾಗತ. ಚರ್ಚೆ ಮತ್ತು ಮತದಾನ ಹಕ್ಕುಳ್ಳ ಸದಸ್ಯರಿಗೆ ಮಾತ್ರ. ಈಗ ಹೊತ್ತು ____ ಗಂಟೆ ____ ನಿಮಿಷ. ಸಭೆಗೆ ಬೇಕಾದ ಕೋರಂ 86. ಹಾಜರಿ ಪುಸ್ತಕದಂತೆ ಹಾಜರಿರುವ ಅರ್ಹ ಸದಸ್ಯರು ____. ಕೋರಂ ಇದೆ ಎಂದು ಘೋಷಿಸುತ್ತಾ ಸಭೆಯನ್ನು ಆರಂಭಿಸುತ್ತಿದ್ದೇನೆ. ನೋಟಿಸನ್ನು ಬೈಲಾದಲ್ಲಿ ಹೇಳಿದ ಅವಧಿಯೊಳಗೆ ಎಲ್ಲರಿಗೂ ಕಳಿಸಿದೆ. ತಾವು ಒಪ್ಪಿದರೆ ಅದನ್ನು ಓದಿದ್ದಾಗಿ ಭಾವಿಸೋಣ. ಕಾರ್ಯಸೂಚಿ ತಮ್ಮ ಕೈಯಲ್ಲಿದೆ, ಅದೇ ಕ್ರಮದಲ್ಲಿ ಹೋಗೋಣ. ಮಾತಾಡುವವರು ಎದ್ದು, ಸದಸ್ಯತ್ವದ ಸಂಖ್ಯೆ ಹೇಳಿ, ಆ ವಿಷಯದ ಮೇಲೆ ಮಾತ್ರ ಮಾತಾಡಬೇಕು. ಇತರ ವಿಷಯಗಳಲ್ಲಿ ಸಲಹೆಗಳಿಗೆ ಅವಕಾಶವಿದೆ, ಠರಾವಿಗೆ ಇಲ್ಲ. ಈಗ ಮೊದಲನೇ ವಿಷಯ."

ಅಧ್ಯಕ್ಷರು ಹಾಳೆಯನ್ನು ಓದಿದರು. ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಇಷ್ಟೇನಾ ಮೇಷ್ಟ್ರೇ? ಒಂದು ವಚನ ಇಲ್ಲ, ಸಹಕಾರ ತತ್ತ್ವ ಇಲ್ಲ. ಎರಡು ನಿಮಿಷಕ್ಕೆ ಮುಗಿದುಹೋಗುತ್ತಲ್ರೀ. ಇದಕ್ಕೆ ಮೈಸೂರು ಪೇಟ ಬೇರೆ ಕಟ್ಟಿಸಿಕೊಳ್ಳಬೇಕಾ?"

"ಸಾರ್, ಇದನ್ನು ಜನ ಕೇಳಲಿಕ್ಕೆ ಬರೆದಿಲ್ಲ. ನಡಾವಳಿಯ ಮೊದಲ ಪುಟಕ್ಕೆ ಬರೆದದ್ದು. ನಾಳೆ ಆಡಿಟ್‌ನವರು, ನಾಡಿದ್ದು ಯಾರಾದರೂ ದಾವೆ ಹಾಕಿದರೆ ನ್ಯಾಯಾಧೀಶರು, ಮೊದಲು ಓದೋದು ಇದನ್ನೇ. ಉಳಿದ ಭಾಷಣವನ್ನು ಅವರು ಓದುವುದಿಲ್ಲ."

ಅವರು ಅಂಗಡಿಯ ಗಲ್ಲಾದ ಹಿಂದೆ ಕೂತು ಸ್ವಲ್ಪ ಯೋಚಿಸಿದರು. ಮೊಳೆ ಕೇಳಲು ಬಂದ ಹುಡುಗನಿಗೆ ಮೊಳೆ ತೂಗಿ ಕೊಟ್ಟರು. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಅಂಗಡಿಯವರಿಗೆ ಸಹಜವಾದ ರೀತಿಯಲ್ಲಿ ಒಂದು ರಾಜಿ ಮಾಡಿಕೊಂಡರು: "ಸರಿ, ಶುರುವಿನಲ್ಲಿ ಇದನ್ನೇ ಓದ್ತೀನಿ. ವಂದನಾರ್ಪಣೆ ಆದಮೇಲೆ, ಡಬ್ಬಿ ಕೊಡೋಕೆ ಮುಂಚೆ, ನನಗೆ ಮುಕ್ಕಾಲು ಗಂಟೆ ಬಿಡಿ. ಆಗ ಯಾರೂ ಎದ್ದು ಹೋಗಲ್ಲ."